ಯಾವ ಗಡಿಯಾರದ ಕೆಳಗೆ?

ಮೈಸೂರಿನಲ್ಲಿ ನಡೆಯುವ ಒಂದು ಪುಟ್ಟ ಕಥೆ ಕಟ್ಟೋಣ. ಊರು, ಬೀದಿ, ಗೋಪುರಗಳೆಲ್ಲ ನಿಜ. ಅಕ್ಕತಂಗಿಯರು ಮಾತ್ರ ಕಲ್ಪನೆಯವರು.

ರೂಪಾ ಕುವೆಂಪುನಗರದವಳು. ಅವಳ ಚಿಕ್ಕಮ್ಮನ ಮಗಳು ಅನಿತಾ ಹೊಳೆನರಸೀಪುರದವಳು. ಮನೆಯಲ್ಲಿ ನಿಶ್ಚಿತಾರ್ಥ ಇದೆ. ಮಲ್ಲಿಗೆ, ವೀಳ್ಯದೆಲೆ, ಬಾಳೆಹಣ್ಣು ಎಲ್ಲವನ್ನೂ ದೇವರಾಜ ಮಾರುಕಟ್ಟೆಯಲ್ಲಿ ಒಟ್ಟಿಗೇ ಕೊಳ್ಳಬೇಕು. ಹಿಂದಿನ ದಿನ ರಾತ್ರಿ ರೂಪಾ ಮೊಬೈಲಿನಲ್ಲಿ ಸಂದೇಶ ಕಳಿಸುತ್ತಾಳೆ: "ನಾಳೆ 3 ಗಂಟೆಗೆ ಮಾರ್ಕೆಟ್ ಹತ್ರ ಗಡಿಯಾರದ ಕೆಳಗೆ ಸಿಗು." ಅನಿತಾ ಉತ್ತರಿಸುತ್ತಾಳೆ: "ಸರಿ ರೂಪಕ್ಕ."

ಮರುದಿನ ಇಬ್ಬರೂ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಇಬ್ಬರೂ ಮಾರ್ಕೆಟ್ ಹತ್ತಿರವೇ ಇರುತ್ತಾರೆ, ಗಡಿಯಾರದ ಕೆಳಗೇ ನಿಂತಿರುತ್ತಾರೆ. ಆದರೂ ಒಬ್ಬರಿಗೊಬ್ಬರು ಸಿಗುವುದಿಲ್ಲ. ಮೂರೂ ಕಾಲಾಗುತ್ತದೆ, ಮೂರೂವರೆಯಾಗುತ್ತದೆ. ಬಸ್ಸುಗಳ ಹಾರ್ನು, ವ್ಯಾಪಾರಿಗಳ ಕೂಗಿನ ನಡುವೆ ಒಬ್ಬಳ ಫೋನು ಇನ್ನೊಬ್ಬಳಿಗೆ ಕೇಳಿಸುವುದೇ ಇಲ್ಲ. ಕೊನೆಗೂ ಕರೆ ಸಿಕ್ಕಾಗ ಮಾತು ಹೀಗೆ ಸಾಗುತ್ತದೆ:

"ಎಲ್ಲಿದೀಯೇ ಅನಿತಾ? ಎಷ್ಟು ಹೊತ್ತು ಕಾಯೋದು?"

"ಗಡಿಯಾರದ ಕೆಳಗೇ ಇದೀನಿ ಕಣಕ್ಕ, ಮೂರು ಗಂಟೆಯಿಂದ."

"ನಾನೂ ಅಲ್ಲೇ ಇದೀನಲ್ಲೇ! ಸುಳ್ಳು ಹೇಳ್ಬೇಡ."

"ಅಯ್ಯೋ, ನಿನ್ನಾಣೆ ಅಕ್ಕ, ಇಲ್ಲೇ ನಿಂತಿದೀನಿ."

ಸುಳ್ಳು ಯಾರೂ ಹೇಳುತ್ತಿಲ್ಲ. ಮಾರುಕಟ್ಟೆಯ ಆಸುಪಾಸಿನಲ್ಲಿ ಗಡಿಯಾರ ಗೋಪುರಗಳು ಎರಡಿವೆ, ಅಷ್ಟೇ.

ಎರಡು ಗೋಪುರ

ಮೈಸೂರಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ದೇವರಾಜ ಮಾರುಕಟ್ಟೆಯ ದಕ್ಷಿಣದ ಬಾಗಿಲಿನ ಎದುರಿಗೇ ಇರುವುದು ಚಿಕ್ಕ ಗಡಿಯಾರ. ವೈಸ್‌ರಾಯ್ ಆಗಿದ್ದ ಲಾರ್ಡ್ ಡಫರಿನ್ ಮೈಸೂರಿಗೆ ಭೇಟಿ ಕೊಟ್ಟ ನೆನಪಿಗೆ 19ನೇ ಶತಮಾನದ ಕೊನೆಯ ಭಾಗದಲ್ಲಿ ಕಟ್ಟಿಸಿದ್ದು. ಅಲ್ಲಿಂದ ಸ್ವಲ್ಪ ದೂರದಲ್ಲಿ, ಪುರಭವನದ ಬಳಿ, ಅರಮನೆಯ ಉತ್ತರಕ್ಕೆ ನಿಂತಿರುವುದು ದೊಡ್ಡ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿ ಹಬ್ಬದ ನೆನಪಿಗೆ 1927ರಲ್ಲಿ ಎದ್ದ, 75 ಅಡಿ ಎತ್ತರದ ಗೋಪುರ ಅದು. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಆದರೆ ನಡುವೆ ಕಟ್ಟಡ, ವಾಹನ, ಜನಜಂಗುಳಿ ಇರುವುದರಿಂದ ಒಂದರ ಕೆಳಗೆ ನಿಂತವರು ಇನ್ನೊಂದರ ಕೆಳಗೆ ಕಾಯುತ್ತಿರುವವರ ಮುಖ ಕಾಣಲಾರರು.

ರೂಪಾ ಕುವೆಂಪುನಗರದಿಂದ ಸಿಟಿ ಬಸ್ಸಿನಲ್ಲಿ ಬಂದು, ಕೆ.ಆರ್. ವೃತ್ತದ ಬಳಿ ಇಳಿದು, ನೇರ ಮಾರುಕಟ್ಟೆಯ ಬಾಯಿಗೆ ನಡೆಯುವವಳು. ವಾರವಾರವೂ ಹೂವು ತರಕಾರಿಗೆ ಬರುವ ಅವಳ ಮನಸ್ಸಿನಲ್ಲಿ ಮಾರ್ಕೆಟ್ಟೂ ಚಿಕ್ಕ ಗಡಿಯಾರವೂ ಒಂದಕ್ಕೊಂದು ಅಂಟಿಕೊಂಡೇ ಇವೆ. "ಮಾರ್ಕೆಟ್ ಹತ್ರ" ಎಂದು ಬರೆದಾಗಲೇ ಯಾವ ಗಡಿಯಾರ ಎಂಬುದು ಅವಳ ಮಟ್ಟಿಗೆ ತೀರ್ಮಾನವಾಯಿತು. ಅದಕ್ಕೇ ಅವಳು "ಚಿಕ್ಕ" ಎಂದು ಸೇರಿಸಲಿಲ್ಲ. ಮರೆವಿನಿಂದ ಬಿಟ್ಟದ್ದಲ್ಲ. ಅವಳ ಲೆಕ್ಕದಲ್ಲಿ ಅದು ಬೇಕೇ ಇರಲಿಲ್ಲ.

ಅನಿತಾ ಬರುವುದು ಹೊಳೆನರಸೀಪುರದ ಬಸ್ಸಿನಲ್ಲಿ, ಇಳಿಯುವುದು ಬೆಂಗಳೂರು–ನೀಲಗಿರಿ ರಸ್ತೆಯ ಗ್ರಾಮಾಂತರ ಬಸ್ ನಿಲ್ದಾಣದಲ್ಲಿ. ಅಲ್ಲಿಂದ ಪೇಟೆಯ ಕಡೆಗೆ ನಡೆದು ಬಂದರೆ ಮೊದಲು ಎದುರಾಗುವುದು ದೊಡ್ಡ ಗಡಿಯಾರ. ಚಿಕ್ಕಂದಿನಲ್ಲಿ ದಸರಾ ನೋಡಲು ಬಂದಾಗಲೂ ಅಪ್ಪ ಕೈ ತೋರಿಸಿ ಹೇಳಿದ್ದು ಅದನ್ನೇ. ಅವಳ ಪಾಲಿಗೆ ಮೈಸೂರಿನ ಗಡಿಯಾರ ಎಂದರೆ ಅದೊಂದೇ. "ಮಾರ್ಕೆಟ್ ಹತ್ರ" ಎಂಬ ಮಾತು ಅವಳಿಗೆ ಅರಮನೆಯಿಂದ ಧನ್ವಂತರಿ ರಸ್ತೆಯವರೆಗಿನ ಇಡೀ ಪೇಟೆಯನ್ನು ಸೂಚಿಸುತ್ತದೆ. ದೊಡ್ಡ ಗಡಿಯಾರ ಅದರೊಳಗೆ ಆರಾಮವಾಗಿ ಕೂರುತ್ತದೆ.

ಒಂದೇ ವಾಕ್ಯದಲ್ಲಿ ಒಬ್ಬಳಿಗೆ "ಮಾರ್ಕೆಟ್ ಹತ್ರ" ಎನ್ನುವುದು ಗಡಿಯಾರವನ್ನು ಆರಿಸಿಕೊಟ್ಟಿತು. ಇನ್ನೊಬ್ಬಳಿಗೆ "ಗಡಿಯಾರ" ಎನ್ನುವುದೇ ಜಾಗವನ್ನು ಆರಿಸಿಕೊಟ್ಟಿತು, "ಮಾರ್ಕೆಟ್ ಹತ್ರ" ಎನ್ನುವುದು ಬರೀ ದಿಕ್ಕು ಹೇಳಿತು.

ಅಸ್ಪಷ್ಟವಲ್ಲ, ಎರಡು ಸಲ ಸ್ಪಷ್ಟ

ಇಂಥ ಎಡವಟ್ಟನ್ನು "ಸರಿಯಾಗಿ ಹೇಳಲಿಲ್ಲ" ಎಂದು ತಳ್ಳಿಹಾಕುವುದು ರೂಢಿ. ಆದರೆ ಸರಿಯಾಗಿ ಹೇಳದಿರುವುದರಲ್ಲೂ ಬಗೆಗಳಿವೆ. ಅವುಗಳಲ್ಲಿ ಒಂದು ಮಾತ್ರ ನಿಜಕ್ಕೂ ಅಪಾಯದ್ದು.

ರೂಪಾ ಬರೀ "ಮಾರ್ಕೆಟ್ ಹತ್ರ ಸಿಗು" ಎಂದಿದ್ದರೆ? ಅನಿತಾ ತಕ್ಷಣ "ಮಾರ್ಕೆಟ್ ಹತ್ರ ಅಂದ್ರೆ ಎಲ್ಲಕ್ಕ?" ಎಂದು ಕೇಳುತ್ತಿದ್ದಳು. ಮಾತು ಸಾಲದು ಎಂಬುದು ಕೇಳಿದವಳಿಗೇ ಗೊತ್ತಾಗುತ್ತದೆ. "ಮಾರ್ಕೆಟ್ ಹತ್ರ ದೀಪಸ್ತಂಭದ ಕೆಳಗೆ" ಎಂದಿದ್ದರೆ ಯಾವ ಕಂಬ ಎಂಬ ಪ್ರಶ್ನೆ ಬಾಯಿಗೆ ತಾನಾಗಿ ಬರುತ್ತಿತ್ತು. ಏಕೆಂದರೆ ಕಂಬಗಳು ಹತ್ತಾರಿವೆ ಎಂಬುದು ಇಬ್ಬರಿಗೂ ತಿಳಿದದ್ದೇ. ಅಲ್ಲಿ ಇಲ್ಲವೇ ಇಲ್ಲದ ಯಾವುದೋ ಚಿತ್ರಮಂದಿರದ ಹೆಸರು ಹೇಳಿದ್ದರೂ ಹುಡುಕಿ ಸೋತವಳು ಫೋನು ಮಾಡುತ್ತಿದ್ದಳು. ಒಂದೂ ಜಾಗ ಹೊಂದದಿದ್ದರೆ ನಾವು ಕೇಳುತ್ತೇವೆ, ಹತ್ತು ಜಾಗ ಹೊಂದಿದರೂ ಕೇಳುತ್ತೇವೆ.

ಕೇಳದೆ ಸುಮ್ಮನಾಗುವುದು ಒಂದೇ ಒಂದು ಜಾಗ ಹೊಳೆದಾಗ. ನಿಜದಲ್ಲಿ ಎರಡು ಜಾಗ ಹೊಂದುವಂತಿದ್ದು, ಹೇಳಿದವಳ ತಲೆಯಲ್ಲಿ ಒಂದು, ಕೇಳಿದವಳ ತಲೆಯಲ್ಲಿ ಇನ್ನೊಂದು ಮಾತ್ರ ಮೂಡಿದರೆ, ಪ್ರಶ್ನೆ ಹುಟ್ಟುವುದಕ್ಕೆ ಎಡೆಯೇ ಇರುವುದಿಲ್ಲ. ಇಬ್ಬರಿಗೂ ಸಂದೇಶ ನಿಚ್ಚಳವಾಗಿದೆ. ಜಾಗಕ್ಕೆ ಹೋದ ಮೇಲೂ ತಪ್ಪು ತಿಳಿಯುವುದಿಲ್ಲ, ಏಕೆಂದರೆ ಮಾತಿನಲ್ಲಿ ಹೇಳಿದ್ದೆಲ್ಲ ಅಲ್ಲಿ ಸಿಗುತ್ತದೆ: ಗಡಿಯಾರ ಇದೆ, ಮಾರುಕಟ್ಟೆ ಹತ್ತಿರವಿದೆ, ಗಂಟೆ ಮೂರಾಗಿದೆ. ಬಾರದೆ ಇರುವುದು ಇನ್ನೊಬ್ಬಳು ಮಾತ್ರ. ಹಾಗಾಗಿ ಇಬ್ಬರ ಅನುಮಾನವೂ ಜಾಗದ ಮೇಲೆ ಹೋಗದೆ ಒಬ್ಬರ ಮೇಲೊಬ್ಬರಿಗೆ ತಿರುಗುತ್ತದೆ. "ಇವಳು ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿದ್ದಾಳೆ" ಎಂದು ರೂಪಾ, "ಅಕ್ಕ ಬಸ್ಸಲ್ಲಿ ಸಿಕ್ಕಿಹಾಕಿಕೊಂಡಿರಬೇಕು" ಎಂದು ಅನಿತಾ. ಕಾಯುವುದು ಅರ್ಧ ಗಂಟೆಯವರೆಗೆ ಎಳೆಯುವುದು ಹೀಗೆ.

ಭಾಷಾಶಾಸ್ತ್ರದಲ್ಲಿ ಇದು ನಿರ್ದೇಶನದ ಸಮಸ್ಯೆ. ಒಂದು ಮಾತು ಲೋಕದ ಯಾವ ವಸ್ತುವಿಗೆ ಬೆರಳು ತೋರಿಸುತ್ತಿದೆ ಎಂಬುದು ಆ ಮಾತಿನಲ್ಲೇ ಪೂರ್ತಿ ಇರುವುದಿಲ್ಲ. ಕೇಳುಗರಿಗೆ ಏನೇನು ಗೊತ್ತು, ಅದು ಗೊತ್ತೆಂದು ಹೇಳುಗರಿಗೆ ಎಷ್ಟು ಗೊತ್ತು ಎಂಬುದರಿಂದ ಉಳಿದದ್ದು ತುಂಬಿಕೊಳ್ಳುತ್ತದೆ. ತತ್ತ್ವಜ್ಞಾನಿ ಪಾಲ್ ಗ್ರೈಸ್ 1975ರಲ್ಲಿ ಅಚ್ಚಾದ ಪ್ರಬಂಧವೊಂದರಲ್ಲಿ ಮಾತುಕತೆಯ ಒಂದು ನಿಯಮವನ್ನು ಗುರುತಿಸಿದರು: ಜನ ಬೇಕಾದಷ್ಟು ಹೇಳುತ್ತಾರೆ, ಬೇಕಾದ್ದಕ್ಕಿಂತ ಹೆಚ್ಚು ಹೇಳುವುದಿಲ್ಲ. ರೂಪಾ ಈ ನಿಯಮ ಮುರಿಯಲಿಲ್ಲ. ತನಗೆ ಬೇಕಾದಷ್ಟು ಹೇಳಿದಳು. ಅನಿತಾಗೆ ಬೇಕಾದಷ್ಟು ಎಷ್ಟು ಎಂಬ ಅಂದಾಜಿನಲ್ಲಿ ಮಾತ್ರ ಎಡವಿದಳು.

ಹತ್ತಿರದವರಿಗೇ ಹೆಚ್ಚು

ಅಪರಿಚಿತರಿಗೆ ದಾರಿ ಹೇಳುವಾಗ ನಾವು ಎಷ್ಟು ಜಾಗ್ರತೆಯಿಂದ ಇರುತ್ತೇವೆ! "ಕೆ.ಆರ್. ವೃತ್ತದಿಂದ ಸಯ್ಯಾಜಿ ರಾವ್ ರಸ್ತೆ ಹಿಡಿಯಿರಿ, ಎಡಗಡೆ ಮಾರ್ಕೆಟ್ ಶುರುವಾಗುವ ಕಡೆ ಒಂದು ಸಣ್ಣ ಗಡಿಯಾರ ಗೋಪುರ ಇದೆ, ದೊಡ್ಡದಲ್ಲ, ಸಣ್ಣದು." ರೂಪಾ ಹೂವಿನ ಅಲಂಕಾರದವರಿಗೋ ಅಡುಗೆಯವರಿಗೋ ಹೇಳುವುದಿದ್ದರೆ ಹೀಗೆಯೇ ಹೇಳುತ್ತಿದ್ದಳು. ತಂಗಿಗೆ ಹೇಳುವಾಗ ಅರ್ಧ ಸಾಲಿನಲ್ಲಿ ಮುಗಿಸಿದಳು.

ಮಾತು ಹೀಗೆ ಚಿಕ್ಕದಾಗುವುದು ಸೋಮಾರಿತನದಿಂದಲ್ಲ. ಮನೋಭಾಷಾವಿಜ್ಞಾನಿ ಹರ್ಬರ್ಟ್ ಕ್ಲಾರ್ಕ್ ಮತ್ತು ಡಿಯಾನಾ ವಿಲ್ಕ್ಸ್-ಗಿಬ್ಸ್ 1986ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಸಾಕ್ಷಿ. ಇಬ್ಬರನ್ನು ನಡುವೆ ತಡಿಕೆ ಇಟ್ಟು ಕೂರಿಸಿದರು. ಇಬ್ಬರ ಬಳಿಯೂ ಅವೇ 12 ವಿಚಿತ್ರ ಆಕಾರಗಳ ಚಿತ್ರಗಳು. ಒಬ್ಬರು ತಮ್ಮ ಚಿತ್ರಗಳ ಸಾಲನ್ನು ವಿವರಿಸಬೇಕು, ಇನ್ನೊಬ್ಬರು ಅದೇ ಕ್ರಮದಲ್ಲಿ ತಮ್ಮವನ್ನು ಜೋಡಿಸಬೇಕು. ಮೊದಲ ಸುತ್ತಿನಲ್ಲಿ ಒಂದೊಂದು ಆಕಾರಕ್ಕೂ ಸರಾಸರಿ 41 ಪದಗಳು ಖರ್ಚಾದವು. ಆರನೆಯ ಸುತ್ತಿನ ಹೊತ್ತಿಗೆ ಬರೀ 8 ಪದ ಸಾಕಾಯಿತು. ಮೊದಲು "ಒಂದು ಕಾಲು ಹಿಂದಕ್ಕೆ ಚಾಚಿ, ಕೈ ಮುಂದೆ ನೀಡಿ ನಿಂತಂತೆ ಇರುವುದು" ಎಂಬಂತೆ ಉದ್ದಕ್ಕೆ ಹೇಳಿದ್ದು, ಕೊನೆಗೆ ಇಬ್ಬರೂ ಒಪ್ಪಿದ ಒಂದು ಅಡ್ಡಹೆಸರಾಯಿತು.

ಗಮನಿಸಬೇಕಾದ್ದು ನಡುವಿನ ಸುತ್ತುಗಳನ್ನು. ಪದಗಳು ಕಡಿಮೆಯಾದದ್ದು ಇಬ್ಬರೂ ಒಟ್ಟಿಗೆ ಸರಿ ನೋಡಿಕೊಂಡ ಮೇಲೆ. "ಅದಾ? ಆ ತಲೆ ಓರೆಯಾಗಿರೋದಾ?" ಎಂದು ಒಬ್ಬರು ಕೇಳಿ, "ಹೂಂ, ಅದೇ" ಎಂದು ಇನ್ನೊಬ್ಬರು ಹೇಳಿ, ಆ ಒಪ್ಪಂದದ ಮೇಲೆ ಅಡ್ಡಹೆಸರು ನಿಂತಿತು. ರೂಪಾ ಮತ್ತು ಅನಿತಾ "ಗಡಿಯಾರ" ಎಂಬ ಅಡ್ಡಹೆಸರನ್ನು ಎಂದೂ ಹೀಗೆ ಒಟ್ಟಿಗೆ ಕಟ್ಟಿಕೊಂಡವರಲ್ಲ. ರೂಪಾಗೆ ಅದು ತನ್ನ ವಾರದ ಓಡಾಟದಲ್ಲಿ ಕಟ್ಟಿಕೊಂಡದ್ದು, ಅನಿತಾಗೆ ಅವಳ ಅಪ್ಪನ ಜೊತೆಯಲ್ಲಿ ಕಟ್ಟಿಕೊಂಡದ್ದು. ಇಬ್ಬರೂ ಕೊನೆಯ ಸುತ್ತಿನ ಚಿಕ್ಕ ಮಾತನ್ನು ಮೊದಲ ಸುತ್ತಿನಲ್ಲೇ ಬಳಸಿಬಿಟ್ಟರು.

ಹೀಗೆ ಮಾಡುವಂತೆ ಎಳೆಯುವುದು ಅಕ್ಕತಂಗಿತನವೇ. ಕೆನೆತ್ ಸಾವಿಟ್ಸ್ಕಿ, ಬೋಜ್ ಕೇಸರ್, ನಿಕೋಲಸ್ ಎಪ್ಲಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯವನ್ನೇ ಕೆದಕಿತು. ಎದುರಿನವರಿಗೆ ಕಾಣದ, ತನಗೆ ಮಾತ್ರ ಕಾಣುವ ವಸ್ತುಗಳು ನಡುವೆ ಇರುವಾಗ, ಸೂಚನೆ ಕೊಡುವವರು ಅಪರಿಚಿತರಾಗಿದ್ದರೆ ಜನ "ಅವರಿಗೆ ಇದು ಕಾಣುವುದಿಲ್ಲ" ಎಂಬುದನ್ನು ಬೇಗ ಲೆಕ್ಕಕ್ಕೆ ತೆಗೆದುಕೊಂಡರು. ಸ್ನೇಹಿತರೇ ಸೂಚನೆ ಕೊಟ್ಟಾಗ ಆ ಲೆಕ್ಕ ತಪ್ಪಿಹೋಗುವುದು ಹೆಚ್ಚಾಯಿತು. ಹತ್ತಿರದವರು ಎಂದ ಕೂಡಲೇ ತನಗೆ ಗೊತ್ತಿರುವುದೆಲ್ಲ ಅವರಿಗೂ ಗೊತ್ತು ಎಂದು ಮನಸ್ಸು ನಂಬಿಬಿಡುತ್ತದೆ. ನಂಬಿಕೆ ಬಹಳಷ್ಟು ಸಲ ನಿಜವೂ ಆಗುವುದರಿಂದ ಅದನ್ನು ಪರೀಕ್ಷಿಸುವ ಅಭ್ಯಾಸವೇ ಬೆಳೆಯುವುದಿಲ್ಲ.

ಬಂದ ದಾರಿಯೇ ಜಾಗ ಆರಿಸುತ್ತದೆ

ಮಾತನ್ನೇ ಆಡದೆ ಇಬ್ಬರು ಒಂದೇ ಜಾಗಕ್ಕೆ ಬರಬಲ್ಲರೇ? ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ಕೇಳಿದ ಪ್ರಶ್ನೆ ಇದು. 1960ರಲ್ಲಿ ಬಂದ ಅವರ 'ದಿ ಸ್ಟ್ರಾಟೆಜಿ ಆಫ್ ಕಾನ್‌ಫ್ಲಿಕ್ಟ್' ಪುಸ್ತಕದಲ್ಲಿ ಅದರ ಕಥೆ ಇದೆ. ನ್ಯೂಯಾರ್ಕಿನಲ್ಲಿ ಒಬ್ಬರನ್ನು ಭೇಟಿಯಾಗಬೇಕು, ಎಲ್ಲಿ ಎಂದು ಮೊದಲೇ ಮಾತಾಗಿಲ್ಲ, ಕೇಳುವ ಹಾಗೂ ಇಲ್ಲ. ಎಲ್ಲಿಗೆ ಹೋಗುತ್ತೀರಿ? ಉತ್ತರಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ವಿಚಾರಣಾ ಕಟ್ಟೆ ಎಂದರು. ಯಾವಾಗ ಎಂದರೆ ಹೆಚ್ಚುಕಡಿಮೆ ಎಲ್ಲರೂ ಮಧ್ಯಾಹ್ನ 12 ಗಂಟೆ ಎಂದರು. "ಅವರು ಎಲ್ಲಿಗೆ ಹೋಗಬಹುದೆಂದು ನಾನು ಊಹಿಸುತ್ತೇನೆಂದು ಅವರು ಊಹಿಸಬಹುದು" ಎಂಬ ಕನ್ನಡಿಯಾಟದಲ್ಲಿ ಎದ್ದು ಕಾಣುವ ಜಾಗ ಗೆಲ್ಲುತ್ತದೆ.

ಈ ಪ್ರಸಂಗವನ್ನು ಮನುಷ್ಯರ ಹೊಂದಾಣಿಕೆಯ ಶಕ್ತಿಗೆ ಉದಾಹರಣೆಯಾಗಿ ಹೇಳುವವರು ಅದರ ಒಂದು ವಿವರವನ್ನು ಬಿಟ್ಟುಬಿಡುವುದುಂಟು. ಶೆಲ್ಲಿಂಗ್ ಕೇಳಿದ್ದು ಕನೆಟಿಕಟ್ ರಾಜ್ಯದ ನ್ಯೂ ಹೇವನ್ನಿನ ಜನರನ್ನು. ನ್ಯೂ ಹೇವನ್ನಿನಿಂದ ಹೊರಟ ರೈಲು ನ್ಯೂಯಾರ್ಕಿನಲ್ಲಿ ಸಾಮಾನ್ಯವಾಗಿ ಬಂದು ನಿಲ್ಲುತ್ತಿದ್ದದ್ದು ಆ ಗ್ರ್ಯಾಂಡ್ ಸೆಂಟ್ರಲ್ಲಿನಲ್ಲೇ. ಅವರ ಕಣ್ಣಿಗೆ ಆ ಜಾಗ ಎದ್ದು ಕಂಡದ್ದು ಅವರೆಲ್ಲ ಊರಿಗೆ ಬರುತ್ತಿದ್ದ ಬಾಗಿಲು ಒಂದೇ ಆಗಿದ್ದರಿಂದ. ಬೇರೆ ದಿಕ್ಕಿನಿಂದ, ಬೇರೆ ನಿಲ್ದಾಣಕ್ಕೆ ಬರುವವರನ್ನು ಕೇಳಿದ್ದರೆ ಒಮ್ಮತ ಅಷ್ಟು ಸಲೀಸಾಗಿ ಸಿಗುತ್ತಿತ್ತೆನ್ನಲಾಗದು.

ಮೈಸೂರಿನ ನಮ್ಮ ಕಥೆಯಲ್ಲಿ ಬಾಗಿಲುಗಳು ಎರಡು. ಗ್ರಾಮಾಂತರ ನಿಲ್ದಾಣದಲ್ಲಿ ಇಳಿದವಳಿಗೆ ದೊಡ್ಡ ಗಡಿಯಾರ ಎದ್ದು ಕಾಣುತ್ತದೆ, ಕೆ.ಆರ್. ವೃತ್ತದಲ್ಲಿ ಇಳಿದವಳಿಗೆ ಚಿಕ್ಕದು. ಇದರಿಂದ ಒಂದು ಉಪಯುಕ್ತ ಸೂತ್ರ ಸಿಗುತ್ತದೆ. ಜಾಗ ಹೇಳುವ ಮುನ್ನ ಎದುರಿನವರು ಯಾವ ಕಡೆಯಿಂದ ಬರುತ್ತಾರೆ ಎಂದು ನೋಡಿ, ಮನಸ್ಸಿನಲ್ಲೇ ಅವರ ದಾರಿಯಲ್ಲಿ ನಡೆದು ಬರಬೇಕು. ನೀವು ಹೇಳಿದ ಗುರುತು ದಾರಿಯಲ್ಲಿ ಮೊದಲು ಎಲ್ಲಿ ಸಿಗುತ್ತದೋ ಅಲ್ಲಿಯೇ ಅವರು ನಿಂತುಬಿಡುತ್ತಾರೆ. ಮುಂದೆ ಇನ್ನೊಂದು ಇದೆಯೇ ಎಂದು ಹುಡುಕಲು ಅವರಿಗೆ ಕಾರಣವೇ ಇರುವುದಿಲ್ಲ.

ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ನಡೆಯುವುದೂ ಇದೇ. "ಮೆಜೆಸ್ಟಿಕ್ ಬಸ್ ಸ್ಟ್ಯಾಂಡಲ್ಲಿ ಇರ್ತೀನಿ" ಎಂದರೆ ನಗರದೊಳಗೆ ಓಡಾಡುವವರಿಗೆ ಬಿಎಂಟಿಸಿ ನಿಲ್ದಾಣ, ಊರಿಂದ ಬಂದವರಿಗೆ ಎದುರಿನ ಕೆಎಸ್ಆರ್‌ಟಿಸಿ ನಿಲ್ದಾಣ.

"ಸರಿ" ಎಂಬ ಉತ್ತರದಲ್ಲಿ ಏನಿದೆ

ರೂಪಾ ಮಾಡಬಹುದಾಗಿದ್ದು ಏನೆಂದು ಎಲ್ಲರೂ ಹೇಳುತ್ತಾರೆ. ಆದರೆ ತಪ್ಪನ್ನು ಅಗ್ಗದಲ್ಲಿ ಹಿಡಿಯುವ ಅವಕಾಶ ಇದ್ದದ್ದು ಅನಿತಾ ಕೈಯಲ್ಲಿ. ಅವಳ "ಸರಿ ರೂಪಕ್ಕ" ಏನನ್ನು ಖಾತ್ರಿಪಡಿಸಿತು? ಸಂದೇಶ ತಲುಪಿದೆ, ಬರಲು ಒಪ್ಪಿಗೆ ಇದೆ, ಅಷ್ಟು. ಯಾವ ಜಾಗ ಎಂದು ಅರ್ಥಮಾಡಿಕೊಂಡಳು ಎಂಬುದರ ಸುಳಿವು ಅದರಲ್ಲಿ ಇಲ್ಲ. ಸರಿಯಾಗಿ ಅರ್ಥವಾದವರೂ "ಸರಿ" ಎನ್ನುತ್ತಾರೆ, ತಪ್ಪಾಗಿ ಅರ್ಥವಾದವರೂ "ಸರಿ" ಎನ್ನುತ್ತಾರೆ.

"ಸರಿ ಅಕ್ಕ, ಗಡಿಯಾರದ ಕೆಳಗೆ ಇರ್ತೀನಿ" ಎಂದಿದ್ದರೆ? ಅದರಿಂದಲೂ ಪ್ರಯೋಜನವಿಲ್ಲ. ಬಂದ ಮಾತನ್ನೇ ಹಿಂದಕ್ಕೆ ಕಳಿಸಿದರೆ ಅದರೊಳಗಿನ ಎರಡು ಅರ್ಥವೂ ಹಾಗೇ ಹಿಂದಕ್ಕೆ ಹೋಗುತ್ತದೆ. ಉತ್ತರದಲ್ಲಿ ಸಂದೇಶದಲ್ಲಿ ಇಲ್ಲದ ಒಂದು ಗುರುತು ಇರಬೇಕು, ಅದು ಕೇಳಿದವಳ ತಲೆಯಲ್ಲಿರುವ ಚಿತ್ರದಿಂದ ಬಂದಿರಬೇಕು. "ಸರಿ ಅಕ್ಕ, ಟೌನ್ ಹಾಲ್ ಹತ್ರ ಇರೋದು ತಾನೆ?" ಇಷ್ಟು ಸಾಕಿತ್ತು. ರೂಪಾ ತಕ್ಷಣ "ಅಲ್ಲ ಕಣೇ, ಅದು ದೊಡ್ಡ ಗಡಿಯಾರ. ನಾನು ಹೇಳಿದ್ದು ಮಾರ್ಕೆಟ್ ಬಾಗಿಲಲ್ಲಿರೋ ಚಿಕ್ಕದು" ಎನ್ನುತ್ತಿದ್ದಳು. ತಪ್ಪಾಗಿ ಅರ್ಥವಾಗಿದ್ದರೆ ಹೊಸ ಗುರುತು ಅದನ್ನು ಬಯಲು ಮಾಡುತ್ತದೆ, ಸರಿಯಾಗಿ ಅರ್ಥವಾಗಿದ್ದರೆ ಗಟ್ಟಿ ಮಾಡುತ್ತದೆ.

ಹೇಳುವವರ ಕಡೆಯ ಪರೀಕ್ಷೆಯೂ ಸುಲಭವೇ. ಸಂದೇಶ ಕಳಿಸುವ ಮುನ್ನ "ನಾನು ಹೇಳಿದ್ದು ಅರ್ಥವಾಗುತ್ತದೆಯೇ" ಎಂದು ಕೇಳಿಕೊಂಡರೆ ಉತ್ತರ ಯಾವಾಗಲೂ ಹೌದು ಎಂದೇ ಬರುತ್ತದೆ. ಕೇಳಿಕೊಳ್ಳಬೇಕಾದ್ದು ಬೇರೆ ಪ್ರಶ್ನೆ: "ಈ ಮಾತು ಹೊಂದುವ ಇನ್ನೊಂದು ಜಾಗ ಯಾವುದು?" ಇನ್ನೊಂದು ಇದ್ದೇ ಇದೆ ಎಂದಿಟ್ಟುಕೊಂಡು ಹುಡುಕಿದರೆ ದೊಡ್ಡ ಗಡಿಯಾರ ರೂಪಾಗೆ ಎರಡೇ ಕ್ಷಣದಲ್ಲಿ ಹೊಳೆಯುತ್ತಿತ್ತು. ಅವಳಿಗೆ ಅದು ಗೊತ್ತಿರದ ಗೋಪುರವೇನಲ್ಲ. ಇನ್ನೊಂದು ಸಿಕ್ಕಿತೆಂದರೆ, ಅದನ್ನು ಹೊರಗಿಡುವ ಒಂದೇ ಒಂದು ಗುರುತು ಸೇರಿಸಿದರೆ ಮುಗಿಯಿತು. ಸಿಕ್ಕ ಸಿಕ್ಕ ವಿವರಗಳನ್ನೆಲ್ಲ ತುಂಬಬೇಕಾಗಿಲ್ಲ. "ಹಳೇ ಕಾಲದ ಗಡಿಯಾರ", "ನಾಲ್ಕು ರಸ್ತೆ ಸೇರೋ ಕಡೆ", "ಜನ ಜಾಸ್ತಿ ಇರ್ತಾರೆ" ಎಂದು ಮೂರು ಮಾತು ಸೇರಿಸಿದರೂ ಅವು ಎರಡು ಗೋಪುರಕ್ಕೂ ಹೊಂದುತ್ತವೆ. "ಚಿಕ್ಕ" ಎಂಬ ಒಂದೇ ಮಾತು ಒಂದಕ್ಕೆ ಮಾತ್ರ ಹೊಂದುತ್ತದೆ.

ಅಷ್ಟಾದರೂ ಒಂದು ತೊಡಕಿದೆ. ದೊಡ್ಡದು, ಚಿಕ್ಕದು ಎಂಬುದು ಎರಡನ್ನೂ ಬಲ್ಲವರಿಗೆ ಮಾತ್ರ ಗುರುತು. ಮೊದಲ ಸಲ ಬಂದವರಿಗೆ ಎದುರಿಗೆ ಒಂದೇ ಗೋಪುರ ಕಂಡಾಗ ಅದು ಚಿಕ್ಕದೋ ದೊಡ್ಡದೋ ಎಂದು ಅಳೆಯಲು ಇನ್ನೊಂದು ಪಕ್ಕದಲ್ಲಿರುವುದಿಲ್ಲ. ಅವರಿಗೆ "ಮಾರ್ಕೆಟ್ ಬಾಗಿಲಿನ ಎದುರು" ಎಂಬಂಥ, ನಿಂತ ಜಾಗದಿಂದಲೇ ಕಣ್ಣಿಗೆ ಕಾಣುವ ಗುರುತು ಬೇಕು. ನಿಂತಲ್ಲೇ ನೋಡಿ ಹೌದೋ ಅಲ್ಲವೋ ಎಂದು ತೀರ್ಮಾನಿಸಬಲ್ಲ ಗುರುತೇ ಒಳ್ಳೆಯ ಗುರುತು.

ಮೊಬೈಲಿನಲ್ಲಿ ನಕ್ಷೆಯ ಗುರುತನ್ನೇ ಕಳಿಸಿಬಿಟ್ಟರೆ? ಗೋಪುರಗಳ ವಿಷಯದಲ್ಲಿ ಸಮಸ್ಯೆ ತೀರುತ್ತದೆ, ನಿಜ. ಆದರೆ ರೂಪಾ ಹಿಂದಿನ ರಾತ್ರಿ ಮನೆಯಲ್ಲಿ ಕೂತು 'ನಾನಿರುವ ಜಾಗ' ಎಂದು ಒತ್ತಿದರೆ ಹೋಗುವುದು ಕುವೆಂಪುನಗರದ ಮನೆಯ ಗುರುತು. ಗೋಪುರವನ್ನೇ ನಕ್ಷೆಯಲ್ಲಿ ಹುಡುಕಿ ಕಳಿಸಬೇಕು. ಮಹಡಿಗಳಿರುವ ಕಡೆ ಯಾವ ಮಹಡಿ, ಹಲವು ಬಾಗಿಲುಗಳಿರುವ ಕಡೆ ಯಾವ ಬಾಗಿಲು ಎಂಬುದನ್ನು ಆ ಚುಕ್ಕಿ ಹೇಳುವುದಿಲ್ಲ. ಅದಕ್ಕೆ ಮತ್ತೆ ಮಾತೇ ಬೇಕು.

ತಪ್ಪು ತಿಳಿದ ಮೇಲಿನ ತಪ್ಪು

ಕಥೆ ಫೋನಿನ ಜಗಳದಲ್ಲಿ ನಿಂತಿತ್ತು. "ಗಡಿಯಾರದ ಕೆಳಗೇ ಇದೀನಿ" ಎಂದು ಇಬ್ಬರೂ ಅದೇ ಮಾತನ್ನು ಜೋರು ಮಾಡಿ ಹೇಳಿದಷ್ಟೂ ಹೊತ್ತು ಏನೂ ಬಗೆಹರಿಯಲಿಲ್ಲ. ಬಗೆಹರಿದದ್ದು ಅನಿತಾ ಕಂಡದ್ದನ್ನು ಹೇಳಲು ಶುರುಮಾಡಿದಾಗ. "ಇಲ್ಲಿ ಎದುರಿಗೆ ಟೌನ್ ಹಾಲ್ ಇದೆ ಅಕ್ಕ, ಆ ಕಡೆ ಅರಮನೆ ಕಾಂಪೌಂಡು..." ರೂಪಾಗೆ ಥಟ್ಟನೆ ತಿಳಿಯಿತು. "ಅಯ್ಯೋ, ನೀನು ದೊಡ್ಡ ಗಡಿಯಾರದ ಹತ್ರ ಇದೀಯ! ನಾನು ಚಿಕ್ಕ ಗಡಿಯಾರದಲ್ಲಿದೀನಿ. ನಾನೇ ಬ..." ಎನ್ನುವಷ್ಟರಲ್ಲಿ ಕರೆ ಕಡಿಯಿತು.

ಈಗ ಇಬ್ಬರಿಗೂ ಎರಡೂ ಜಾಗ ಗೊತ್ತು. ಸಮಸ್ಯೆ ತೀರಬೇಕಿತ್ತು. ಆದರೆ ಅಕ್ಕ "ನಾನೇ ಬರ್ತೀನಿ" ಎಂದಳೋ "ನಾನೇ ಬರೋದಾ" ಎಂದಳೋ ಅನಿತಾಗೆ ತಿಳಿಯಲಿಲ್ಲ. ದೊಡ್ಡವಳನ್ನು ನಡೆಸುವುದು ಸರಿಯಲ್ಲ ಎಂದು ತಾನೇ ಹೊರಟಳು. ಹೊಸ ಜಾಗದಲ್ಲಿ ತಂಗಿ ದಾರಿ ತಪ್ಪುತ್ತಾಳೆ ಎಂದು ರೂಪಾ ಹೊರಟಳು. ಒಬ್ಬಳು ಕೆ.ಆರ್. ವೃತ್ತದ ಕಡೆಯಿಂದ, ಇನ್ನೊಬ್ಬಳು ಒಳಗಿನ ಬೀದಿಯಲ್ಲಿ ನುಸುಳಿಕೊಂಡು. ಹತ್ತು ನಿಮಿಷದ ಮೇಲೆ ರೂಪಾ ದೊಡ್ಡ ಗಡಿಯಾರದ ಕೆಳಗೆ, ಅನಿತಾ ಚಿಕ್ಕ ಗಡಿಯಾರದ ಕೆಳಗೆ.

ಇದು ಮೊದಲಿನ ತಪ್ಪಿಗಿಂತ ಬೇರೆಯೇ ಜಾತಿಯದು. ಮಾತಿನ ಅರ್ಥದಲ್ಲಿ ಈಗ ಗೊಂದಲ ಇಲ್ಲ. ಗೊಂದಲ ಇರುವುದು ಯಾರು ನಿಲ್ಲಬೇಕು, ಯಾರು ನಡೆಯಬೇಕು ಎಂಬುದರಲ್ಲಿ. ಇಬ್ಬರೂ ನಿಂತರೂ ಭೇಟಿ ಇಲ್ಲ, ಇಬ್ಬರೂ ನಡೆದರೂ ಇಲ್ಲ. ಇಬ್ಬರೂ ಸಮಾನ ಒಳ್ಳೆಯತನದಿಂದ, ಸಮಾನ ಜಾಣತನದಿಂದ ಯೋಚಿಸಿದರೆ ಇಬ್ಬರೂ ಒಂದೇ ತೀರ್ಮಾನಕ್ಕೆ ಬರುತ್ತಾರೆ. ತೊಂದರೆ ಆಗುವುದೇ ಅದರಿಂದ.

ಗಣಕ ವಿಜ್ಞಾನದಲ್ಲಿ ಇದರ ಹತ್ತಿರದ ಸಂಬಂಧಿಯೊಂದು ಹೆಸರುವಾಸಿ: ಇಬ್ಬರು ಸೇನಾಪತಿಗಳ ಸಮಸ್ಯೆ. 1970ರ ದಶಕದಲ್ಲಿ ಗಣಕತಜ್ಞರು ಇದನ್ನು ಚರ್ಚೆಗೆ ತಂದರು. ಎರಡು ಬೆಟ್ಟಗಳ ಮೇಲೆ ಎರಡು ದಂಡು, ನಡುವಿನ ಕಣಿವೆಯಲ್ಲಿ ಶತ್ರು. ಒಟ್ಟಿಗೆ ನುಗ್ಗಿದರೆ ಮಾತ್ರ ಗೆಲುವು. ಓಲೆಕಾರ ದಾರಿಯಲ್ಲಿ ಸಿಕ್ಕಿಬೀಳಬಹುದು. "ನಾಳೆ ಬೆಳಗ್ಗೆ" ಎಂದು ಒಬ್ಬ ಹೇಳಿ ಕಳಿಸಿದರೆ, ಅದು ತಲುಪಿತೆಂದು ಅವನಿಗೆ ತಿಳಿಯಬೇಕು. "ತಲುಪಿತು" ಎಂಬ ಉತ್ತರ ತಲುಪಿತೆಂದು ಇನ್ನೊಬ್ಬನಿಗೆ ತಿಳಿಯಬೇಕು. ಹೀಗೆ ಎಷ್ಟು ಓಲೆ ಓಡಾಡಿದರೂ ಕೊನೆಯ ಓಲೆ ತಲುಪಿತೋ ಇಲ್ಲವೋ ಎಂಬ ಅನುಮಾನ ಉಳಿದೇ ಉಳಿಯುತ್ತದೆ. ಸಂದೇಶ ಕಳೆದುಹೋಗುವ ಸಾಧ್ಯತೆ ಇರುವವರೆಗೆ ಇಬ್ಬರಿಗೂ ಪೂರ್ತಿ ಖಾತ್ರಿ ಸಿಗುವ ದಾರಿಯೇ ಇಲ್ಲ ಎಂಬುದನ್ನು ಗಣಿತದಿಂದಲೇ ತೋರಿಸಬಹುದು.

ಸೇನಾಪತಿಗಳಿಗೆ ಇಲ್ಲದ ಒಂದು ಅನುಕೂಲ ಅಕ್ಕತಂಗಿಯರಿಗಿದೆ. ತಪ್ಪಿದರೆ ಹೋಗುವುದು ಜೀವವಲ್ಲ, ಹತ್ತು ನಿಮಿಷ. ಹಾಗಾಗಿ ಪೂರ್ತಿ ಖಾತ್ರಿ ಬೇಕಿಲ್ಲ, ಇಬ್ಬರೂ ಬೇರೆ ಬೇರೆ ಕೆಲಸ ಮಾಡುವಂಥ ಒಂದು ನಿಯಮ ಮೊದಲೇ ಇದ್ದರೆ ಸಾಕು. ಮಾತು ನಡುವೆ ಕಡಿದರೆ ಚಿಕ್ಕವಳು ನಿಂತಲ್ಲೇ ನಿಲ್ಲುವುದು, ದೊಡ್ಡವಳು ಬರುವುದು. ಅಥವಾ ಊರು ಗೊತ್ತಿಲ್ಲದವರು ನಿಲ್ಲುವುದು, ಗೊತ್ತಿರುವವರು ನಡೆಯುವುದು. ಯಾವ ನಿಯಮ ಎಂಬುದು ಮುಖ್ಯವಲ್ಲ, ಇಬ್ಬರಿಗೂ ಅದು ಬೇರೆ ಬೇರೆ ಪಾತ್ರ ಕೊಡಬೇಕು, ಅಷ್ಟೇ. ಜಾತ್ರೆಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಹಿರಿಯರು "ಕೈ ತಪ್ಪಿದರೆ ಎಲ್ಲಿದ್ದೀರೋ ಅಲ್ಲೇ ನಿಂತ್ಕೊಳ್ಳಿ, ನಾವೇ ಹುಡುಕ್ತೀವಿ" ಎಂದು ಹೇಳಿಕೊಡುವ ಬುದ್ಧಿ ಇದೇ. ಮಕ್ಕಳಿಗೆ ಹುಡುಕಲು ಬರುವುದಿಲ್ಲ ಎಂಬುದಷ್ಟೇ ಅದರ ಕಾರಣವಲ್ಲ. ಎರಡೂ ಕಡೆಯವರು ಹುಡುಕತೊಡಗಿದರೆ ಈಗಷ್ಟೇ ನೋಡಿ ಬಿಟ್ಟುಬಂದ ಜಾಗಕ್ಕೆ ಇನ್ನೊಬ್ಬರು ಬಂದು ನಿಂತಿರುತ್ತಾರೆ.

ಹಿಂದಿನ ರಾತ್ರಿಗೆ ಮರಳಿ ರೂಪಾಳ ಸಂದೇಶವನ್ನು ತಿದ್ದುವುದಾದರೆ ಹೀಗೆ ಬರೆಯಬಹುದು: "3 ಗಂಟೆಗೆ ಚಿಕ್ಕ ಗಡಿಯಾರದ ಕೆಳಗೆ, ಮಾರ್ಕೆಟ್ ಬಾಗಿಲ ಎದುರು. ಟೌನ್ ಹಾಲ್ ಹತ್ರದ್ದಲ್ಲ. ಕಾಣಿಸದಿದ್ರೆ ನೀನು ಅಲ್ಲೇ ಇರು, ನಾನು ಬರ್ತೀನಿ." ಮೊದಲ ಮಾತು ಜಾಗ ಹೇಳುತ್ತದೆ, ಎರಡನೆಯದು ಹೊಂದಬಹುದಾದ ಇನ್ನೊಂದನ್ನು ಹೆಸರಿಟ್ಟು ಹೊರಗಿಡುತ್ತದೆ, ಮೂರನೆಯದು ಎಡವಟ್ಟಾದರೆ ಯಾರು ನಡೆಯಬೇಕೆಂದು ತೀರ್ಮಾನಿಸುತ್ತದೆ. ದಿನಾ ಸೇರುವ ಜಾಗಕ್ಕೆ ಇಷ್ಟು ಬರೆಯಬೇಕಾಗಿಲ್ಲ, ಅಲ್ಲಿ "ಗಡಿಯಾರ" ಎಂದರೂ ನಡೆಯುತ್ತದೆ. ಇಬ್ಬರೂ ಒಟ್ಟಿಗೆ ಎಂದೂ ನಿಂತಿರದ ಜಾಗಕ್ಕೆ ಮೊದಲ ಸಲ ಕರೆಯುವಾಗ ಮಾತ್ರ ಆ ಎರಡನೆಯ ಸಾಲನ್ನು ಬಿಡಬಾರದು.